ನೂರಕ್ಕೆ ತೊಂಬತ್ತಾರು

ನನ್ನ ಭಾವ, ಅಂದರೆ ಅಕ್ಕನ ಗಂಡ, ಎಂಜಲು ಕೈಯಲ್ಲಿ ಕಾಗೆ ಓಡಿಸದ ಜಿಪುಣ ಎಂದು ನಮ್ಮ ಪ್ರಯೋಗಾಲಯದಲ್ಲಿ ಹೆಸರುವಾಸಿ. ಹಣದ ವಿಷಯದಲ್ಲಲ್ಲ, ಪುಡಿಯ ವಿಷಯದಲ್ಲಿ. ಫ್ಲಾಸ್ಕ್ ಬರಿದಾದ ಮೇಲೆ ಉಳಿದವರು ಒಮ್ಮೆ ತೊಳೆದು ಮುಂದೆ ಹೋದರೆ, ಇವರು ಮೂರು ಸಲ ಸಾಲ್ವೆಂಟ್, ಅಂದರೆ ಪುಡಿ ಕರಗಿಸುವ ದ್ರವ, ಹಾಕಿ ಆಡಿಸಿ, ಗೋಡೆಗೆ ಅಂಟಿದ ಕೊನೆಯ ಕಣವನ್ನೂ ಇಳಿಸಿಕೊಳ್ಳುತ್ತಿದ್ದರು. ಸೋಸುವ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಸ್ಪ್ಯಾಚುಲಾ ಎಂಬ ಚಪ್ಪಟೆ ಚಮಚದಿಂದ ಕೆರೆದು, ಮತ್ತೆ ಹಿಡಿದು ನೋಡುತ್ತಿದ್ದರು. ಎದುರಿಗೇ ನಾವು ಜಿಪುಣಪ್ಪ ಎನ್ನುತ್ತಿದ್ದೆವು. ಅವರು ನಗುತ್ತಿದ್ದರು.

ನಾನು ಅದೇ ಕಟ್ಟಡದಲ್ಲಿ ಗಾಜಿನ ಬಾಗಿಲಿನ ಆಚೆ ಶುದ್ಧತೆ ಪರೀಕ್ಷೆ ಮಾಡುವವಳು. ಭಾವ ತಯಾರಿಸಿದ್ದನ್ನು ನಾನು ಯಂತ್ರಕ್ಕೆ ಕೊಟ್ಟು, ಎಷ್ಟು ಒಳ್ಳೆಯದು, ಎಷ್ಟು ಕಸ ಎಂದು ಹೇಳಬೇಕು. ಮನೆಯಲ್ಲಿ ಅವರ ಊಟದ ತಟ್ಟೆಗೆ ನಾನೇ ಬಡಿಸಿದರೂ ಇಲ್ಲಿ ಅವರ ತಪ್ಪು ಹಿಡಿಯುವುದೇ ನನ್ನ ಕೆಲಸ. ಅದಕ್ಕೂ ಸಂಬಳ ಕೊಡುತ್ತಾರೆ ಎಂದು ಅಕ್ಕ ಹೊಟ್ಟೆಕಿಚ್ಚು ಪಡುತ್ತಿದ್ದಳು.

ಭಾವ ವರ್ಷಕ್ಕೊಮ್ಮೆ ಒಂದು ಔಷಧಿ ತಯಾರಿಸುತ್ತಿದ್ದರು. ಅದು ಅಂಗಡಿಯಲ್ಲಿ ಸಿಗುವುದಲ್ಲ. ರಕ್ತದ ಒಂದು ಅಪರೂಪದ ಕಾಯಿಲೆಗೆ, ಒಂದೇ ಆಸ್ಪತ್ರೆಯ ಒಬ್ಬ ಡಾಕ್ಟರ ಬಳಿ ಬರುವ ಕೆಲವೇ ಜನರಿಗೆ. ಮೊದಲು ನಾಲ್ವರಿದ್ದರು, ನಾನು ಹೇಳಹೊರಟಿರುವ ವರ್ಷ ಆರಾಗಿದ್ದರು. ಅವರು ದಿನವೂ ಅದನ್ನು ನುಂಗಬೇಕು, ನುಂಗದಿದ್ದರೆ ಬದುಕುವುದಿಲ್ಲ. ಅದರ ಮೂಲವಸ್ತುವನ್ನು ದೂರದ ಒಂದು ಕಡೆ ವರ್ಷಕ್ಕೊಮ್ಮೆ ಮಾತ್ರ ತೆಗೆಯುತ್ತಾರೆ. ಬಂದಷ್ಟರಲ್ಲೇ ಮುಗಿಸಬೇಕು, ಇನ್ನೊಂದು ಚಮಚ ಕೊಡಿ ಎಂದು ಕೇಳುವಂತಿಲ್ಲ.

ಆ ಮೂಲವಸ್ತು ಔಷಧಿಯಾಗಲು ಏಳು ಹಂತ ದಾಟಬೇಕು. ಒಂದು ಹಂತದಲ್ಲೂ ಹಾಕಿದ್ದೆಲ್ಲ ಕೈಗೆ ಬರುವುದಿಲ್ಲ. ಒಂದಿಷ್ಟು ಬೇರೇನೋ ಆಗುತ್ತದೆ, ಒಂದಿಷ್ಟು ದ್ರವದಲ್ಲೇ ಕರಗಿ ಉಳಿಯುತ್ತದೆ, ಒಂದಿಷ್ಟು ಪಾತ್ರೆಗೆ ಅಂಟುತ್ತದೆ. ಒಮ್ಮೆ ರಾತ್ರಿ ಊಟಕ್ಕೆ ಕುಳಿತಾಗ ಅಕ್ಕ ಈ ಲೆಕ್ಕವನ್ನೇ ಹಿಡಿದು ಜಗ್ಗಿದಳು.

"ಒಂದೊಂದು ಹಂತದಲ್ಲೂ ನೂರಕ್ಕೆ ಎಂಬತ್ತೈದು ಬರುತ್ತೆ ಅಂತೀರಿ. ಕೊನೆಗೆ ನೋಡಿದ್ರೆ ಮೂವತ್ತೆರಡು ಅಂತೀರಿ. ಮಧ್ಯದಲ್ಲಿ ಯಾರು ತಿಂದ್ರು?"

"ಯಾರೂ ತಿನ್ನಲಿಲ್ಲ ಮಾರಾಯ್ತಿ. ಎರಡನೇ ಹಂತಕ್ಕೆ ಹೋಗೋದೇ ಎಂಬತ್ತೈದು. ಅದರಲ್ಲಿ ಮತ್ತೆ ನೂರಕ್ಕೆ ಎಂಬತ್ತೈದು ಅಂದ್ರೆ ಎಪ್ಪತ್ತೆರಡು. ಆಮೇಲೆ ಅರವತ್ತೊಂದು, ಐವತ್ತೆರಡು, ನಲವತ್ತನಾಲ್ಕು, ಮೂವತ್ತೆಂಟು, ಮೂವತ್ತೆರಡು. ಪ್ರತಿ ಸಲಾನೂ ಉಳಿದಿದ್ದರಲ್ಲೇ ಕಡಿಮೆ ಆಗುತ್ತೆ."

"ಹಾಗಾದ್ರೆ ಯಾವುದಾದ್ರೂ ಒಂದು ಹಂತ ಕೆಟ್ರೆ?"

"ಕೆಟ್ಟಿದ್ದು ಕೊನೇವರೆಗೂ ಬರುತ್ತೆ," ಎಂದು ಭಾವ ಇನ್ನೊಂದು ತುತ್ತು ಎತ್ತಿದರು. "ಮುಂದಿನ ಹಂತದಲ್ಲಿ ಎಷ್ಟೇ ಚೆನ್ನಾಗಿ ಮಾಡಿದ್ರೂ ಹೋಗಿದ್ದು ವಾಪಸ್ ಬರಲ್ಲ."

ಆ ವರ್ಷದ ಮೂವತ್ತೆರಡು ಆರು ಜನರಿಗೆ ಸರಿಯಾಗಿ ಸಾಲುತ್ತಿತ್ತು. ಪರೀಕ್ಷೆಗೆ ಎಂದು ಎತ್ತಿಡಲು ಸ್ವಲ್ಪ ಮಿಗುತ್ತಿತ್ತು, ಅಷ್ಟೇ. ಎರಡು ಭಾಗ ಮಾಡಿ ತಯಾರಿಸೋಣ, ಒಂದು ಹಾಳಾದರೂ ಇನ್ನೊಂದು ಉಳಿಯುತ್ತೆ ಎಂದು ಭಾವ ಕೇಳಿದರು. ಎರಡೆರಡು ಸಲ ತೊಳೆಯೋದು, ಎರಡೆರಡು ಸಲ ಪರೀಕ್ಷೆ, ಯಾರಿಗೆ ಬೇಕು ತಲೆನೋವು ಎಂದು ಮ್ಯಾನೇಜರ್ ತಳ್ಳಿಹಾಕಿದರು. ಎಲ್ಲವೂ ಒಂದೇ ಬ್ಯಾಚ್ ಆಯಿತು.

ಮೂರು ಹಂತಗಳು ನೆಟ್ಟಗೆ ನಡೆದವು. ನಾಲ್ಕನೆಯದರಲ್ಲಿ ಬಿಳಿ ಹರಳು ಬರುತ್ತದೆ. ಬಿಸಿ ಮಾಡಿದರೆ ಅದು ಕೆಡುವುದರಿಂದ, ಟ್ರೇಯಲ್ಲಿ ಹರಡಿ, ಗಾಳಿ ಎಳೆದು ಬರಿದು ಮಾಡಿದ ಪೆಟ್ಟಿಗೆಯಲ್ಲಿಟ್ಟು ಮೆಲ್ಲಗೆ ಒಣಗಿಸಬೇಕು. ಒಣಗಿತೇ ಇಲ್ಲವೇ ಎಂದು ತಿಳಿಯಲು ಒಂದು ಪದ್ಧತಿಯಿದೆ. ತೂಗು, ಮತ್ತೆ ಒಳಗಿಡು, ಮತ್ತೆ ತೂಗು. ಎರಡು ಸಲ ತೂಗಿದಾಗಲೂ ಒಂದೇ ತೂಕ ಬಂದರೆ ತೂಕ ನಿಂತಿತು ಎನ್ನುತ್ತೇವೆ. ಅಲ್ಲಿಯವರೆಗೆ ಆ ಅಂಕಿಗೆ ಮೂರು ಕಾಸಿನ ಬೆಲೆಯಿಲ್ಲ. ಈ ಪಾಠವನ್ನು ನನಗೆ ಕಲಿಸಿದವರೇ ಭಾವ.

ಅವತ್ತು ಬೆಳಗ್ಗೆ ಅವರು ಮೊದಲ ಸಲ ತೂಗುತ್ತಿದ್ದಾಗಲೇ ಡಾಕ್ಟರ ಫೋನ್ ಬಂತು. ಮಾತ್ರೆ ಮುಗಿಯುತ್ತಾ ಬಂದಿದೆ, ಬೇಗ ಕಳಿಸದಿದ್ದರೆ ನಡುವೆ ಖಾಲಿ ಬೀಳುತ್ತದೆ ಎಂದರಂತೆ. ಮ್ಯಾನೇಜರ್ ಫೋನ್ ಕಿವಿಯಲ್ಲಿಟ್ಟುಕೊಂಡೇ ಬಾಗಿಲಲ್ಲಿ ನಿಂತು, "ಇವತ್ತೇ ಐದನೇದು ಶುರು ಮಾಡಿಬಿಡಿ," ಎಂದರು. ಭಾವ ಪುಡಿಯನ್ನು ಸ್ಪ್ಯಾಚುಲಾದಿಂದ ಎತ್ತಿ ಬಿಟ್ಟು ನೋಡಿದರು. ಉಸುಕಿನಂತೆ ಉದುರಿತು. ಅಂಟಲಿಲ್ಲ, ವಾಸನೆಯಿಲ್ಲ. ತಕ್ಕಡಿ ತೋರಿಸಿದ್ದು ನೂರಕ್ಕೆ ತೊಂಬತ್ತಾರರ ಇಳುವರಿ.

"ತೊಂಬತ್ತಾರು!" ಎಂದು ಅವರು ಗಾಜಿನ ಬಾಗಿಲು ತಳ್ಳಿಕೊಂಡು ನನ್ನ ಬಳಿಗೇ ಬಂದರು. ಮುಖ ಊರಗಲ ಆಗಿತ್ತು. "ನೋಡು, ಯಾವತ್ತೂ ಎಂಬತ್ತೈದು ದಾಟದೇ ಇದ್ದದ್ದು! ಈ ಸಲ ಆರು ಜನಕ್ಕೂ ಮಿಗುತ್ತೆ."

ಕಂಡಕಂಡದ್ದಕ್ಕೆಲ್ಲ ಅನುಮಾನ ಪಡುವ ಮನುಷ್ಯ, ಅವತ್ತು ಸಂತೋಷವನ್ನು ಮಾತ್ರ ಪರೀಕ್ಷೆ ಮಾಡಲಿಲ್ಲ. ಮಧ್ಯಾಹ್ನಕ್ಕೆ ಐದನೆಯ ಹಂತ ಶುರುವಾಯಿತು.

ಮಾರನೆಯ ದಿನ ಐದನೆಯದರ ಮಾದರಿ ನನ್ನ ಯಂತ್ರಕ್ಕೆ ಬಂತು. ಪರದೆಯ ಮೇಲಿನ ಗೆರೆಯಲ್ಲಿ ನಮ್ಮ ವಸ್ತುವಿನ ಒಂದೇ ದೊಡ್ಡ ಶಿಖರ ಕಾಣಬೇಕಾದಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಎದ್ದು ನಿಂತಿತ್ತು, ಅಂದರೆ ಬೇರೇನೋ ಸೇರಿತ್ತು. ಮೂರು ಸಲ ಓಡಿಸಿದೆ. ಮೂರು ಸಲವೂ ಅದೇ ಬಂತು. ನಾಲ್ಕನೆಯ ಹಂತದಲ್ಲಿ ಮಾದರಿಗೆಂದು ಎತ್ತಿಟ್ಟಿದ್ದ ಚೂರನ್ನು ತೂಗಿ, ಒಣಗಿಸುವ ಪೆಟ್ಟಿಗೆಯಲ್ಲಿಟ್ಟು, ಮತ್ತೆ ಮತ್ತೆ ತೂಗಿದೆ. ತೂಕ ಇಳಿಯುತ್ತಲೇ ಹೋಯಿತು. ನಿಂತಾಗ ಆರರಲ್ಲೊಂದು ಪಾಲು ಇರಲಿಲ್ಲ.

ಆರಿಹೋದ ಆ ಪಾಲು ಸಾಲ್ವೆಂಟ್. ಹರಳು ಕಟ್ಟುವಾಗಲೇ ಅದರ ಒಳಗೆ ಸೇರಿಕೊಂಡು ಕುಳಿತಿತ್ತು, ಹೊರಗೆ ಒಣಗಿದಂತೆ ಕಂಡಿತ್ತು. ನಾಲ್ವರಿಗೆ ಮಾಡುವಾಗ ಟ್ರೇಯಲ್ಲಿ ತೆಳುವಾಗಿ ಹರಡುತ್ತಿದ್ದದ್ದು, ಆರು ಜನಕ್ಕೆಂದು ಅದೇ ಟ್ರೇಯಲ್ಲಿ ದಪ್ಪಗೆ ಬಿದ್ದಿತ್ತು, ಒಳಗಿನ ತೇವ ಹೊರಬಂದಿರಲಿಲ್ಲ. ತೊಂಬತ್ತಾರು ಎಂದು ತೂಗಿದ್ದರಲ್ಲಿ ಸರಕು ಇದ್ದದ್ದು ಎಂಬತ್ತು.

ಇಷ್ಟೇ ಆಗಿದ್ದರೆ ಎಂದಿನ ಎಂಬತ್ತೈದರಲ್ಲಿ ಐದು ಕಳೆಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಐದನೆಯ ಹಂತದಲ್ಲಿ ಸೇರಿಸುವ ರಾಸಾಯನಿಕವನ್ನು ಭಾವ ತೊಂಬತ್ತಾರರ ಲೆಕ್ಕಕ್ಕೇ ಅಳೆದು ಹಾಕಿದ್ದರು. ಅದು ಒಂದು ಅಣುವಿಗೆ ಒಂದು ಕಡೆ ಮಾತ್ರ ಅಂಟಬೇಕಾದದ್ದು. ಹೆಚ್ಚಿಗೆ ಇದ್ದದ್ದರಿಂದ ಎಷ್ಟೋ ಅಣುಗಳಿಗೆ ಎರಡು ಕಡೆ ಅಂಟಿತು. ಹಾಗೆ ಅಂಟಿದ್ದನ್ನು ಬಿಡಿಸಲು ಬರುವುದಿಲ್ಲ. ಆ ಹಂತದ ಇಳುವರಿ ಎಂಬತ್ತೈದರಿಂದ ಎಪ್ಪತ್ತೆರಡಕ್ಕೆ ಕುಸಿಯಿತು. ಒಂದು ತಪ್ಪು ತೂಕ ಎರಡು ಹಂತಗಳನ್ನು ತಿಂದುಹಾಕಿತು.

ನಾನು ಪರೀಕ್ಷೆಯ ಫಲಿತಾಂಶದ ಕಾಗದ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲೆ ಇಟ್ಟೆ. ಅವರು ಓದಿದರು. ನನಗೆ ರೇಗಿತು, ಅಳುವೂ ಬಂತು.

"ಒಂದೇ ಸಲ ತೂಗಿದ್ರಾ ಭಾವ?"

"ಹೂಂ."

"ನೀವು? ನೀವು ಒಂದೇ ಸಲ?"

"ಅವರಿಗೆ ತಡ ಆಗಬಾರದು ಅಂತ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಆ ಮಾತನ್ನು ಅವರು ಯಾರ ಎದುರೂ ಹೇಳಿದ್ದು ನಾನು ಕೇಳಿಲ್ಲ.

ಆರು ಮತ್ತು ಏಳನೆಯ ಹಂತಗಳನ್ನು ಅವರು ಉಸಿರು ಬಿಗಿಹಿಡಿದು ಮಾಡಿದರು. ಎರಡೂ ಎಂದಿನ ಎಂಬತ್ತೈದೇ ಕೊಟ್ಟವು. ಕೊನೆಯ ಹರಳು ಸೋಸಿದ ಮೇಲೆ ಉಳಿದ ದ್ರವವನ್ನು ಬತ್ತಿಸಿ ಇನ್ನೊಂದಿಷ್ಟು ಪುಡಿ ತೆಗೆದರು. ಅದು ಮಾಸಲು ಬಣ್ಣಕ್ಕಿತ್ತು, ಎರಡು ಕಡೆ ಅಂಟಿದ ಕಸವೆಲ್ಲ ಅದರಲ್ಲೇ ಸೇರಿತ್ತು. ಅದನ್ನು ಹಾಗೇ ಬೆರೆಸಿದರೆ ಆರು ಜನಕ್ಕೂ ಆಗುತ್ತಿತ್ತು.

"ಬೆರೆಸಿಬಿಡಿ. ಒಟ್ಟು ಸೇರಿಸಿದ್ರೆ ಪರೀಕ್ಷೇಲಿ ಪಾಸಾಗುತ್ತಲ್ಲ," ಎಂದರು ಮ್ಯಾನೇಜರ್.

"ಪಾಸಾಗಬಹುದು ಸಾರ್. ಆ ಕಸ ಮೈಯಲ್ಲಿ ಏನು ಮಾಡುತ್ತೆ ಅಂತ ನಿಮಗೆ ಗೊತ್ತಾ? ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಆರು ಜನಕ್ಕೂ ತಿನ್ನಿಸೋದಾ?"

ಮ್ಯಾನೇಜರ್ ನನ್ನ ಕಡೆ ತಿರುಗಿದರು. ನಾನು ಸಹಿ ಹಾಕುವುದಿಲ್ಲ ಎಂದೆ. ಭಾವ ಮಾಸಲು ಪುಡಿಯನ್ನು ಮತ್ತೆ ಕರಗಿಸಿ ಮತ್ತೆ ಹರಳು ಕಟ್ಟಿಸಿದರು. ಬೆಳ್ಳಗಾಯಿತು, ಆದರೆ ಅದರಲ್ಲೂ ಬಹುಪಾಲು ಕಳೆದುಹೋಯಿತು. ಎಲ್ಲ ಸೇರಿಸಿದರೂ ಒಟ್ಟು ಇಳುವರಿ ನೂರಕ್ಕೆ ಇಪ್ಪತ್ತಾರು ಮುಟ್ಟಲಿಲ್ಲ. ಐದು ಜನಕ್ಕೆ ಸರಿಹೋಯಿತು.

ಎಲ್ಲರಿಗೂ ಸ್ವಲ್ಪ ಸ್ವಲ್ಪ ಕಡಿಮೆ ಕೊಡಬಹುದಲ್ಲ ಎಂದು ಭಾವ ಡಾಕ್ಟರನ್ನು ಫೋನಿನಲ್ಲಿ ಕೇಳಿದಾಗ ನಾನು ಪಕ್ಕದಲ್ಲೇ ಇದ್ದೆ.

"ಅಷ್ಟಕ್ಕಿಂತ ಕಡಿಮೆ ಆದ್ರೆ ಅದು ಕೆಲಸಾನೇ ಮಾಡಲ್ಲ," ಎಂದರು ಡಾಕ್ಟರು. "ಹಂಚಿದ್ರೆ ಆರು ಜನಾನೂ ಹೋಗ್ತಾರೆ. ಕೊನೇಲಿ ಬಂದು ಸೇರಿದವರನ್ನ ಬಿಡಬೇಕಾಗುತ್ತೆ. ಬೇರೆ ದಾರಿ ಇಲ್ಲ."

ಕೊನೆಯಲ್ಲಿ ಸೇರಿದವರು ಒಬ್ಬ ದರ್ಜಿಯ ಹೆಂಡತಿ. ಇದು ನಮಗೆ ಗೊತ್ತಾದದ್ದು ದರ್ಜಿಯೇ ನಮ್ಮ ಗೇಟಿಗೆ ಬಂದು ನಿಂತಾಗ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು, ಅಂಗಡಿಯಿಂದ ಎದ್ದು ನೇರವಾಗಿ ಬಂದಿದ್ದರು. ಕಾವಲಿನವನು ಒಳಗೆ ಬಿಡಲಿಲ್ಲ. ಭಾವ ಹೊರಗೆ ಹೋದರು, ನಾನೂ ಹಿಂದೆಯೇ ಹೋದೆ.

"ಜಗಳಕ್ಕೆ ಬಂದಿಲ್ಲ ಸ್ವಾಮಿ," ಎಂದರು ದರ್ಜಿ. "ನಾನೂ ಬಟ್ಟೆ ಕತ್ತರಿಸೋನೇ. ಚೂರುಪಾರು ಹೋಗೇ ಹೋಗುತ್ತೆ, ಗೊತ್ತು. ಮೂಲೇಲಿ ಎಲ್ಲಾದ್ರೂ ಒಂದಿಷ್ಟು ಉಳಿದಿದೆಯಾ ಅಂತ ಕೇಳೋಣ ಅಂತ ಬಂದೆ."

"ಉಳಿದಿಲ್ಲ. ತಪ್ಪು ನಂದು. ಒಣಗಿದೆಯಾ ಅಂತ ಎರಡನೇ ಸಲ ತೂಗಬೇಕಿತ್ತು. ತೂಗಲಿಲ್ಲ."

ದರ್ಜಿ ಅವರ ಮುಖವನ್ನೇ ನೋಡಿದರು. ಅರ್ಥವಾಯಿತೋ ಇಲ್ಲವೋ. ಆಮೇಲೆ ಕೇಳಿದರು. "ಎಷ್ಟು ಕಡಿಮೆ ಬಿತ್ತು?"

ನಾನೇ ಹೇಳಿದೆ. "ವರ್ಷಕ್ಕೆ ಒಬ್ಬರಿಗೆ ಬೇಕಾಗೋದು ಒಂದು ಹಿಡಿ ಪುಡಿ."

ದರ್ಜಿ ತಮ್ಮ ಬಲಗೈಯನ್ನು ಅರ್ಧ ಮುಚ್ಚಿ, ಅದರೊಳಗೆ ನೋಡಿದರು. "ಇಷ್ಟೇನಾ?" ಎಂದರು.

"ಇಷ್ಟೇ," ಎಂದರು ಭಾವ.

ದರ್ಜಿ ಆ ಕೈಯನ್ನು ಹಾಗೇ ಹಿಡಿದುಕೊಂಡು ರಸ್ತೆ ದಾಟಿ ಹೋದರು. ಅವರು ಬೈದಿದ್ದರೆ ಭಾವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವತ್ತು ಮನೆಯಲ್ಲಿ ಅಕ್ಕ ಎಷ್ಟು ಕರೆದರೂ ಅವರು ಊಟಕ್ಕೆ ಏಳಲಿಲ್ಲ.

ಮುಂದಿನ ವರ್ಷ ಮೂಲವಸ್ತು ಬಂತು, ಆರು ಜನರ ಲೆಕ್ಕಕ್ಕೇ ತರಿಸಿದ್ದು. ಭಾವ ಎರಡು ಭಾಗ ಮಾಡಿದರು, ಈ ಸಲ ಮ್ಯಾನೇಜರ್ ಒಪ್ಪಿದರು. ನಾಲ್ಕನೆಯ ಹಂತದಲ್ಲಿ ತೂಕ ನಿಲ್ಲುವವರೆಗೆ ಡಾಕ್ಟರ ಫೋನನ್ನೂ ಅವರು ಎತ್ತಲಿಲ್ಲ. ಒಟ್ಟು ಇಳುವರಿ ನೂರಕ್ಕೆ ಮೂವತ್ತಮೂರು ಬಂತು. ಮ್ಯಾನೇಜರ್ ಎಲ್ಲರ ಎದುರು ಅವರ ಬೆನ್ನು ತಟ್ಟಿ, "ಆರು ಜನಕ್ಕೂ ಆಗಿ ಮಿಕ್ಕಿದೆ," ಎಂದು ಆಸ್ಪತ್ರೆಗೆ ಫೋನ್ ಮಾಡಿ ಹೇಳಿದರು.

ಐದು ಜನರದ್ದು ಮಾತ್ರ ಕಳಿಸಿ ಸಾಕು ಎಂದರು ಡಾಕ್ಟರು.