ಮುನಿಲಕ್ಷ್ಮಮ್ಮನ ಎರಡು ಫ್ಲಾಸ್ಕ್

ಮಾಮೂಲ್‌ಪೇಟೆಯ ನಮ್ಮ ಲಗ್ನಪತ್ರಿಕೆ ಅಂಗಡಿಗೆ ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಸಂಜೆ ನಾಲ್ಕಕ್ಕೊಮ್ಮೆ ಮುನಿಲಕ್ಷ್ಮಮ್ಮ ಕಾಫಿ ತರುತ್ತಾರೆ. ಬಿಲ್ ಬರೆದು ಬರೆದು ಬೆರಳು ಸವೆಸಿಕೊಂಡಿರುವ ನನ್ನಂಥ ಗುಮಾಸ್ತೆಗೆ ದಿನಕ್ಕೆ ಎರಡು ಸಲ ತಲೆಯೆತ್ತಲು ಅದೊಂದೇ ಕಾರಣ. ಅವರಿಗೆ ಐವತ್ತೆಂಟು ವರ್ಷ. ಶ್ರೀರಾಂಪುರದ ಮನೆಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಏಳುತ್ತಾರೆ. ಎರಡು ದೊಡ್ಡ ಸ್ಟೀಲ್ ಫ್ಲಾಸ್ಕ್‌ಗಳನ್ನು ಎರಡು ಕೈಯಲ್ಲಿ ಹಿಡಿದು ಬಸ್ಸು ಹತ್ತುತ್ತಾರೆ. ನಮ್ಮ ಕಟ್ಟಡದ ಎಂಟು ಅಂಗಡಿಗೆ ಅವರದೇ ಕಾಫಿ. ಲಿಫ್ಟ್ ಇಲ್ಲ. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಅವರ ಉಸಿರು ಕೆಳಗೆ ಮೊದಲನೇ ಮಹಡಿಯಲ್ಲಿರುವ ನಮಗೆಲ್ಲ ಕೇಳಿಸುತ್ತದೆ.

ಹೀಗೆ ಹದಿನಾರು ವರ್ಷ ನಡೆದ ಕಾಫಿ ಕಳೆದ ಆಷಾಢದಲ್ಲಿ ಕೆಟ್ಟಿತು. ಬಿಸಿಗೇನೂ ಕೊರತೆಯಿರಲಿಲ್ಲ, ಲೋಟದಿಂದ ಹಬೆ ಏಳುತ್ತಿತ್ತು. ಆದರೆ ಬಾಯಿಗಿಟ್ಟರೆ ಹಳೇ ಹಾಲಿನ ಕಮಟು, ಅದರ ಹಿಂದೆ ಒದ್ದೆ ಬಟ್ಟೆಯ ಮುಗ್ಗಲು. ನಾವೆಲ್ಲ ಮಹಾ ಸಭ್ಯರು. ಎದುರಿಗೆ ಒಂದು ಗುಟುಕು ಕುಡಿದು, ಅವರು ಮೆಟ್ಟಿಲು ಹತ್ತಿದ ಮೇಲೆ ಉಳಿದದ್ದನ್ನು ಸಿಂಕಿಗೆ ಸುರಿಯುತ್ತಿದ್ದೆವು. ನಾನೂ ಸುರಿದಿದ್ದೇನೆ. ಈಗ ನಾಚಿಕೆಯಾಗುತ್ತದೆ.

ಮೂರು ವಾರ ಸಹಿಸಿದ ಮೇಲೆ ನಮ್ಮ ಯಜಮಾನರು ವೃಷಭೇಂದ್ರಪ್ಪನವರು ಒಂದು ಗುರುವಾರ ಬಾಯಿ ಬಿಟ್ಟರು.

"ಮುನಿಲಕ್ಷ್ಮಮ್ಮ, ಕಾಫಿ ಕುಡಿಯೋಕಾಗ್ತಿಲ್ಲ. ಸೋಮವಾರ ಮಿಷನ್ನೋನು ಬರ್ತಾನೆ. ಬಟನ್ ಒತ್ತಿದ್ರೆ ಕಾಫಿ ಬರುತ್ತಂತೆ. ಮೇಲಿನ ಅಂಗಡಿಯೋರೂ ನೋಡ್ತೀವಿ ಅಂದಿದಾರೆ."

"ಹಾಲು ಬದ್ಲಾಯಿಸಿದೀನಿ ಯಜಮಾನ್ರೆ. ಪುಡಿನೂ ಬದ್ಲಾಯಿಸಿದೀನಿ," ಎಂದರು ಮುನಿಲಕ್ಷ್ಮಮ್ಮ.

"ಆದ್ರೂ ಹಂಗೇ ಇದೆಯಲ್ಲಮ್ಮ."

ಮುನಿಲಕ್ಷ್ಮಮ್ಮ ಫ್ಲಾಸ್ಕ್ ಎತ್ತಿಕೊಂಡು ಮೆಟ್ಟಿಲು ಹತ್ತಿದರು. ಎಂಟು ಅಂಗಡಿ ಹೋದರೆ ಅವರಿಗೆ ಬೇರೆ ದಾರಿ ಇಲ್ಲ ಎಂಬುದು ಯಜಮಾನರಿಗೂ ಗೊತ್ತು, ನನಗೂ ಗೊತ್ತು. ಈ ವಯಸ್ಸಿನಲ್ಲಿ ಹೊಸ ಮೆಟ್ಟಿಲು ಹುಡುಕಿಕೊಂಡು ಹೋಗುವ ಕಾಲು ಅವರದಲ್ಲ.

ಶನಿವಾರ ಸಂಜೆಯ ಕಾಫಿ ಮುಗಿದ ಮೇಲೆ ಅವರು ನಮ್ಮ ಅಂಗಡಿಯ ಹಿಂದಿನ ಪುಟ್ಟ ಅಡುಗೆ ಕೋಣೆಯಲ್ಲಿ ಸುಮ್ಮನೆ ಕೂತಿದ್ದರು. ನಾನು ಖಾಲಿ ಫ್ಲಾಸ್ಕ್‌ನ ಮುಚ್ಚಳ ತಿರುವಿ ಮೂಸಿದೆ.

"ಹಾಲೂ ಅಲ್ಲ, ಪುಡಿನೂ ಅಲ್ಲ. ಫ್ಲಾಸ್ಕೇ ನಾರ್ತಿದೆಯಲ್ರೀ! ನಿಮಗೆ ಗೊತ್ತಾಗ್ಲಿಲ್ವಾ?" ಎಂದೆ. ನನ್ನ ಬಾಯಿ ಸ್ವಲ್ಪ ಜೋರು.

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಂಗೆ ವಾಸನೆ ಬರಲ್ಲ ಗೋದಮ್ಮ. ಕೊರೊನಾ ಬಂದಿತ್ತಲ್ಲ, ಆವಾಗ್ಲಿಂದ. ಯಾರಿಗೂ ಹೇಳಿಲ್ಲ. ಮೂಗಿಲ್ದೋಳು ಮಾಡಿದ ಕಾಫಿ ಯಾರು ಕುಡೀತಾರೆ ಹೇಳಿ?"

ಇಷ್ಟು ವರ್ಷ ಹೇಗೆ ನಡೆಯಿತು ಎಂದು ಕೇಳಿದಾಗ ವಿಷಯ ತಿಳಿಯಿತು. ಫ್ಲಾಸ್ಕ್ ತೊಳೆಯುತ್ತಿದ್ದವಳು ಸೊಸೆ ಬಿಂದು. ಬಾಣಂತನಕ್ಕೆ ಅವಳು ತವರಿಗೆ ಹೋಗಿ ತಿಂಗಳಾಗಿತ್ತು. ಈಗ ತೊಳೆಯುವುದು ಇವರೇ.

"ಅವಳು ತೊಳೆದು ಮುಚ್ಚಳ ಹಾಕದೇ ಹಂಗೇ ಇಡೋಳು. ಹಲ್ಲಿ ಬಿದ್ರೆ ಏನೇ ಗತಿ ಅಂತ ದಿನಾ ಬೈತಿದ್ದೆ. ನಾನು ತೊಳೆದ ತಕ್ಷಣ ಬಿಗಿಯಾಗಿ ಮುಚ್ಚಿಟ್ಬಿಡ್ತೀನಿ."

ತಪ್ಪು ಅಲ್ಲಿತ್ತು. ಒದ್ದೆ ಫ್ಲಾಸ್ಕ್‌ನ ಬಾಯಿ ರಾತ್ರಿಯಿಡೀ ಬಿಗಿದಿದ್ದರೆ ಒಳಗಿನ ನೀರು ಆರುವುದೆಲ್ಲಿಂದ ಬಂತು? ಮುಗ್ಗಲು ಹಿಡಿಯದೆ ಇನ್ನೇನಾದೀತು? ಸ್ಪೂನಿನ ಹಿಡಿಯಿಂದ ಮುಚ್ಚಳದ ರಬ್ಬರ್ ವಾಷರ್ ಎಬ್ಬಿಸಿ ತೆಗೆದೆ. ಅದರಡಿಯ ಸಂದಿಯಲ್ಲಿ ಕಂದುಬಣ್ಣದ ಹಾಲಿನ ಪಾಚಿ ಬೆಣ್ಣೆಯ ಹಾಗೆ ಕೂತಿತ್ತು. ಈ ವಾಷರ್ ಬಿಚ್ಚಲು ಬರುತ್ತದೆಂದೇ ಅವರಿಗೆ ಗೊತ್ತಿರಲಿಲ್ಲ. ಫ್ಲಾಸ್ಕ್‌ನ ಒಳಗೋಡೆ ಕಾಫಿಯ ಕರೆ ಕಟ್ಟಿ ಕಪ್ಪಾಗಿತ್ತು. ಅವರು ಸ್ಟೀಲ್ ನಾರು ಎತ್ತಿಕೊಂಡರು. ಬೇಡವೆಂದು ಕಿತ್ತುಕೊಂಡೆ, ಗೀರು ಬಿದ್ದರೆ ಕರೆ ಅಲ್ಲೇ ಇನ್ನಷ್ಟು ಕೂರುತ್ತದೆ.

ಎರಡೂ ಫ್ಲಾಸ್ಕ್‌ಗೆ ಮೂರು ಮೂರು ಚಮಚ ಅಡುಗೆ ಸೋಡಾ ಹಾಕಿ ಕುದಿಯುವ ನೀರು ತುಂಬಿದೆವು. ಮುಚ್ಚಳ ಹಾಕದೆ ಹಾಗೇ ಬಿಟ್ಟೆವು. ಎರಡು ಗಂಟೆ ಹೊತ್ತು ಗೋಡೆಗೊರಗಿ ಕೂತೆವು, ಇಬ್ಬರಿಗೂ ಸುಸ್ತಾಗಿತ್ತು. ಆಮೇಲೆ ಉದ್ದ ಹಿಡಿಯ ಬ್ರಷ್ ಆಡಿಸಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ ಬಂತು. ನಾಲ್ಕು ಸಲ ಜಾಲಿಸಿದ ಮೇಲೆ ಒಳಗೆ ಸ್ಟೀಲ್ ಮಿನುಗಿತು. ಮುಚ್ಚಳವೂ ಶುದ್ಧವಾಯಿತು. ವಾಷರ್ ಮಾತ್ರ ಸೋಡಾದಲ್ಲಿ ನೆನೆದರೂ ನಾತ ಬಿಡಲಿಲ್ಲ, ರಬ್ಬರ್ ಒಳಗೇ ಹೀರಿಕೊಂಡಿತ್ತು. ಪಾತ್ರೆ ಅಂಗಡಿಗೆ ಹೋಗಿ ಅದೇ ಅಳತೆಯ ಎರಡು ಹೊಸ ವಾಷರ್ ತಂದೆ.

"ಹಲ್ಲಿಗೇನ್ಮಾಡ್ಲಿ?" ಎಂದು ಅವರು ಆಗಲೂ ಕೇಳಿದರು.

"ತೊಳೆದ ಮೇಲೆ ಮುಚ್ಚಳ ಹಾಕ್ಬೇಡಿ. ಫ್ಲಾಸ್ಕ್ ಬಾಯಿಗೆ ತೆಳ್ಳಗಿನ ಪಂಚೆ ಬಟ್ಟೆ ಕಟ್ಟಿ, ರಬ್ಬರ್ ಬ್ಯಾಂಡ್ ಹಾಕಿ. ಗಾಳಿ ಆಡುತ್ತೆ, ಹಲ್ಲಿ ಬೀಳಲ್ಲ."

ಇನ್ನೊಂದು ಮಾತನ್ನೂ ಹೇಳಿದೆ. ಹಾಲು, ಡಿಕಾಕ್ಷನ್ ಬೆರೆಸಿ ಮೂರು ಗಂಟೆ ಬಿಸಿಯಲ್ಲೇ ಇಟ್ಟರೆ ಒಳ್ಳೆ ಕಾಫಿಯೂ ರುಚಿ ಕಳೆದುಕೊಳ್ಳುತ್ತದೆ. ಬೇರೆ ಬೇರೆ ತಂದು ಇಲ್ಲೇ ಬೆರೆಸಿ ಎಂದೆ. ಡಿಕಾಕ್ಷನ್‌ಗೆ ಮಗನದೊಂದು, ಸೊಸೆಯದೊಂದು ಬಿಸಿ ಹಿಡಿಯುವ ಟ್ರಾವೆಲ್ ಮಗ್ ಇದೆಯೆಂದರು. ದೊಡ್ಡ ಫ್ಲಾಸ್ಕ್‌ನ ತಳದಲ್ಲಿ ಒಂದಿಷ್ಟು ಡಿಕಾಕ್ಷನ್ ಹಾಕಿದರೆ ಬೇಗ ಆರುತ್ತದೆ, ಚಿಕ್ಕ ಮಗ್ ಕಂಠಮಟ್ಟ ತುಂಬಿದರೆ ಬಿಸಿ ನಿಲ್ಲುತ್ತದೆ. ತುಂಬುವ ಮೊದಲು ಕುದಿನೀರು ಹಾಕಿ ಐದು ನಿಮಿಷ ಬಿಡುವುದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಸೋಮವಾರ ಹತ್ತೂವರೆಗೆ ಮಿಷನ್ನಿನವನು ಟೈ ಕಟ್ಟಿಕೊಂಡು ಬಂದ. ಅವನ ಪೆಟ್ಟಿಗೆ ಗುರ್ ಎಂದು ಕಾಗದದ ಲೋಟಕ್ಕೆ ನೊರೆ ಸುರಿಯಿತು. ಯಜಮಾನರು ಕುಡಿದು "ಪರವಾಗಿಲ್ಲ" ಎಂದರು. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಬಂದರು. ಮಿಷನ್ ನೋಡಿಯೂ ನೋಡದವರಂತೆ ಡಿಕಾಕ್ಷನ್ ಬಗ್ಗಿಸಿ, ಮೇಲೆ ಹಾಲು ಸುರಿದು, ಎರಡು ಸಲ ಎತ್ತಿ ಹೊಯ್ದು ಲೋಟ ಮುಂದಿಟ್ಟರು. ಅಂಗಡಿ ತುಂಬ ಪರಿಮಳ. ಯಜಮಾನರು ಒಂದು ಗುಟುಕು ಕುಡಿದರು, ಲೋಟದೊಳಗೊಮ್ಮೆ ನೋಡಿದರು, ಉಳಿದದ್ದನ್ನೂ ಕುಡಿದರು.

"ಏನ್ಮಾಡಿದ್ರಿ ಇದಕ್ಕೆ?"

ಮುನಿಲಕ್ಷ್ಮಮ್ಮ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಹೇಳಬೇಡಿ ಎಂದು ನಾನು ಕಣ್ಸನ್ನೆಯನ್ನೂ ಮಾಡಿದೆ.

"ಫ್ಲಾಸ್ಕ್ ನಾರ್ತಿತ್ತು ಯಜಮಾನ್ರೆ. ನಂಗೆ ಮೂಗಿಗೆ ಏನೂ ತಿಳಿಯಲ್ಲ, ವರ್ಷಗಟ್ಲೆ ಆಯ್ತು," ಎಂದರು ಅವರು ನೇರವಾಗಿ. "ಈಗ ತೊಳೆಯೋದು ಕಲ್ತಿದೀನಿ. ಆದ್ರೂ ಮತ್ತೆ ಕೆಟ್ರೆ ನಂಗೆ ಗೊತ್ತಾಗಲ್ಲ. ಅವತ್ತೇ ಹೇಳ್ಬೇಕು ನೀವು. ಮೂರು ವಾರ ಬಿಡ್ಬಾರ್ದು. ಹೇಳ್ತೀರಾ ಅಂದ್ರೆ ನಾಳೆನೂ ಬರ್ತೀನಿ."

ಯಜಮಾನರು ಮೇಜಿನ ಮೇಲಿನ ಕಾಗದದ ಲೋಟ ನೋಡಿದರು. "ಹೇಳ್ತೀನಮ್ಮ. ಬನ್ನಿ," ಎಂದರು. ಮಿಷನ್ನಿನವನು ಪ್ಲಗ್ ಕಿತ್ತುಕೊಂಡ.

ನಾನು ಮಗ್ ಹಿಡಿದುಕೊಂಡು ಅವರ ಜೊತೆ ಮೆಟ್ಟಿಲ ತನಕ ಹೋದೆ. ನನಗೆ ಗೆದ್ದಷ್ಟು ಖುಷಿಯಾಗಿತ್ತು. ಅವರನ್ನು ಮೆಟ್ಟಿಲ ಮೇಲೆ ಕೂರಿಸಿ, ನಾನೇ ಒಂದು ಲೋಟ ಬೆರೆಸಿ ಕೈಗಿಟ್ಟೆ. ಎಲ್ಲರಿಗೂ ಹಂಚುವ ಅವರು ತಾವು ಕುಡಿದದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವರು ನಿಧಾನವಾಗಿ, ಪೂರ್ತಿ ಕುಡಿದರು.

"ಹೆಂಗಿದೆ?" ಎಂದೆ.

ಅವರು ಸ್ವಲ್ಪ ಹೊತ್ತು ಬಾಯಿ ಚಪ್ಪರಿಸಿ ನೋಡಿದರು.

"ಸಿಹಿ ಗೊತ್ತಾಗುತ್ತೆ ಗೋದಮ್ಮ. ಕಹಿ ಗೊತ್ತಾಗುತ್ತೆ. ಬಿಸಿ ಚೆನ್ನಾಗಿ ಗೊತ್ತಾಗುತ್ತೆ. ಕಾಫಿ ಗೊತ್ತಾಗಲ್ಲ."

ಅವರು ಲೋಟ ನನ್ನ ಕೈಗೆ ಕೊಟ್ಟು, ಮಂಡಿಗೆ ಕೈಯೂರಿ ಎದ್ದು, ಫ್ಲಾಸ್ಕ್, ಮಗ್ ಎತ್ತಿಕೊಂಡು ಎರಡನೇ ಮಹಡಿಯ ಕಡೆ ಹತ್ತತೊಡಗಿದರು.