ಬಾರದೆ ಹೋದ ಹತ್ತೊಂಬತ್ತು ತಿಥಿಗಳು

ನಮ್ಮ ಪಾಂಜ್ರಾಪೋಳದ ಲೆಕ್ಕ ಬರೆಯುವ ಮೆಹ್ತಾಜಿ ಜಟಾಶಂಕರರಿಗೆ ನನ್ನ ಮೇಲೆ ಮೊದಲಿನಿಂದಲೂ ಅಷ್ಟೇನೂ ನಂಬಿಕೆಯಿಲ್ಲ. ನಾನು ಶೇಂಗಾ, ಹತ್ತಿಬೀಜದ ಹಿಂಡಿಯ ವ್ಯಾಪಾರಿ. ಟ್ರಸ್ಟಿಯಾದ ಮರುದಿನವೇ ಅವರು ಅಂಗಡಿಗೆ ಬಂದು, ಚಹಾ ಕುಡಿದು, ಇನ್ನು ಮುಂದೆ ನಿಮ್ಮ ಹಿಂಡಿ ನಮ್ಮ ದನಗಳಿಗೆ ಬೇಡ, ಟ್ರಸ್ಟಿಯೇ ಮಾರಿದರೆ ಲೆಕ್ಕ ಚೆನ್ನಾಗಿ ಕಾಣುವುದಿಲ್ಲ ಎಂದು ಹೇಳಿಹೋದರು. ವರ್ಷಕ್ಕೆ ಆರುನೂರು ಮೂಟೆಯ ಗಿರಾಕಿ ಕೈಬಿಟ್ಟುಹೋಯಿತು. ನಾನು ಧರ್ಮಕ್ಕೆ ಕೊಟ್ಟ ದೊಡ್ಡ ದಾನ ಅದೇ. ಅಮೃತಶಿಲೆಯ ಫಲಕದಲ್ಲಿ ಹೆಸರು ಮಾತ್ರ ಬರಲಿಲ್ಲ.

ಸೌರಾಷ್ಟ್ರದ ಪ್ರತಿ ಊರಲ್ಲೂ ಇರುವಂತೆ ನಮ್ಮಲ್ಲೂ ಒಂದು ಪಾಂಜ್ರಾಪೋಳ. ಕುಂಟು, ಕುರುಡು, ಹಾಲು ಬತ್ತಿದ ದನಗಳು, ನೂರಾ ಎಂಬತ್ತು. ಮಹಾಜನರ ಟ್ರಸ್ಟು ಅವನ್ನು ಸಾಕುತ್ತದೆ. ಸಾಕುವುದು ಹೆಚ್ಚಾಗಿ ಕಾಯಂ ತಿಥಿಯ ದುಡ್ಡಿನಿಂದ. ನೀವು ಒಂದೂವರೆ ಲಕ್ಷ ಕೊಟ್ಟರೆ ಅದು ಬ್ಯಾಂಕಿನಲ್ಲಿ ಠೇವಣಿಯಾಗಿ ಕೂರುತ್ತದೆ, ಅಸಲನ್ನು ಯಾರೂ ಮುಟ್ಟುವಂತಿಲ್ಲ. ಬರುವ ಬಡ್ಡಿ ಹತ್ತು ಸಾವಿರ ಚಿಲ್ಲರೆ. ನಿಮ್ಮ ತಂದೆ ತೀರಿಕೊಂಡ ತಿಥಿಯಂದು, ವರ್ಷಕ್ಕೊಮ್ಮೆ, ಆ ಬಡ್ಡಿಯಲ್ಲಿ ಇಡೀ ಕೊಟ್ಟಿಗೆಗೆ ಹುಲ್ಲು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಂದೆಯ ಹೆಸರು. ವರ್ಷದ ಎಲ್ಲ ತಿಥಿಗಳೂ ಹೀಗೆ ಒಬ್ಬರಲ್ಲ ಒಬ್ಬರಿಗೆ ಸೇರಿಹೋಗಿವೆ, ಅರ್ಧಕ್ಕರ್ಧ ಮುಂಬಯಿಯವರಿಗೆ.

ಆಳುಗಳ ಸಂಬಳ, ಔಷಧ, ಕರೆಂಟು ಮಾತ್ರ ಸಾಧಾರಣ ಖಾತೆಯಿಂದ. ಯಾವುದಕ್ಕೆ ಬೇಕಾದರೂ ಬಳಸಬಹುದಾದ ದುಡ್ಡು ಅದು. ಆದ್ದರಿಂದಲೇ ಅದಕ್ಕೆ ಯಾರೂ ಕೊಡುವುದಿಲ್ಲ. ಹುಲ್ಲಿಗೆ ಕೊಟ್ಟರೆ ಪುಣ್ಯ. ಹುಲ್ಲಿನ ಲೆಕ್ಕ ಬರೆಯುವವನ ಪಗಾರಕ್ಕೆ ಕೊಟ್ಟರೆ ಏನು ಬರುತ್ತದೆ? ಮೆಹ್ತಾಜಿಯ ತಿಂಗಳ ಹದಿನಾಲ್ಕು ಸಾವಿರ ಅದೇ ಖಾತೆಯಿಂದ ಬರಬೇಕು. ಮೂವತ್ತೊಂದು ವರ್ಷದಿಂದ ಹಾಗೇ ಬರುತ್ತಿತ್ತು.

ಹೋದ ವರ್ಷ ಅಧಿಕ ಶ್ರಾವಣ ಬಂತು. ನಿಜ ಶ್ರಾವಣದ ತಿಥಿಗಳಿಗೆ ದಾನಿಗಳಿದ್ದಾರೆ, ಅಧಿಕಕ್ಕೆ ಯಾರೂ ಇಲ್ಲ. ಆ ಮೂವತ್ತು ದಿನ ಹಲಗೆ ಖಾಲಿ, ದನದ ಹೊಟ್ಟೆ ಮಾತ್ರ ಖಾಲಿ ಬಿಡುವಂತಿಲ್ಲ. ಮೂರು ಲಕ್ಷದ ಹುಲ್ಲು ಸಾಧಾರಣ ಖಾತೆಯ ತಲೆಗೆ ಬಿತ್ತು.

ಏಪ್ರಿಲ್ ಎರಡನೇ ತಾರೀಖು ಟ್ರಸ್ಟಿಗಳ ಸಭೆಯಲ್ಲಿ ಮೆಹ್ತಾಜಿ ಕರಡು ಲೆಕ್ಕ ತಂದು ನಮ್ಮ ಮುಂದಿಟ್ಟರು. ಆದಾಯ-ವೆಚ್ಚ ಖಾತೆಯಲ್ಲಿ ಎರಡು ಲಕ್ಷ ಮೂವತ್ತು ಸಾವಿರ ಕೊರತೆ. ಸಾಧಾರಣದಲ್ಲಿ ಹಿಂದಿನಿಂದ ಉಳಿದಿದ್ದೇ ಎರಡು ಲಕ್ಷ ಅರವತ್ತು ಸಾವಿರ. ಕಳೆದರೆ ಮೂವತ್ತು ಸಾವಿರ. ಒಂದು ತಿಂಗಳ ಸಂಬಳಕ್ಕೂ ಸಾಲದು.

ನಮ್ಮ ಅಧ್ಯಕ್ಷ ಅನೋಪಚಂದ್ ಶೇಠ್ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ನಡೆಸುವವರು, ಕಾಗದದಲ್ಲಿ ದುಡ್ಡು ಎಲ್ಲಿ ಅಡಗಿದೆ ಎಂದು ಮೂಸಿ ಹಿಡಿಯುತ್ತಾರೆ. ತಿಥಿ ನಿಧಿಯ ಪುಟದಲ್ಲಿ ಬೆರಳಿಟ್ಟರು. ಒಂದು ಲಕ್ಷ ತೊಂಬತ್ತು ಸಾವಿರ ಬಡ್ಡಿ ಖರ್ಚಾಗದೆ ಕೂತಿತ್ತು.

ಮೆಹ್ತಾಜಿ ನಿಧಾನವಾಗಿ ಬಿಡಿಸಿ ಹೇಳಿದರು. ನಮ್ಮ ಲೆಕ್ಕದ ವರ್ಷ ಏಪ್ರಿಲ್ ಒಂದರಿಂದ ಮಾರ್ಚ್ ಮೂವತ್ತೊಂದು. ತಿಥಿಗಳದ್ದು ಚಂದ್ರನ ಲೆಕ್ಕ. ನಡುವೆ ಅಧಿಕ ಮಾಸ ತೂರಿಕೊಂಡು ಮುಂದಿನದನ್ನೆಲ್ಲ ಒಂದು ತಿಂಗಳು ಮುಂದಕ್ಕೆ ತಳ್ಳಿಬಿಟ್ಟಿದೆ. ಹಾಗಾಗಿ ಫಾಲ್ಗುಣ ವದ, ಎಂದರೆ ಬಹುಳ, ಸಪ್ತಮಿಯಿಂದ ಚೈತ್ರ ಸುದ, ಎಂದರೆ ಶುದ್ಧ, ದಶಮಿವರೆಗೆ ಹತ್ತೊಂಬತ್ತು ತಿಥಿಗಳು ಹೋದ ಲೆಕ್ಕದ ವರ್ಷದಲ್ಲಿ ಬರಲೇ ಇಲ್ಲ. ತಿಥಿಯ ಬಡ್ಡಿ ಬ್ಯಾಂಕಿಗೆ ಬಂದ ಕೂಡಲೇ ಆದಾಯವಾಗುವುದಿಲ್ಲ, ತಿಥಿ ನಿಧಿಯಲ್ಲೇ ಕಾಯುತ್ತದೆ. ಆ ದಿನ ಬಂದು ಹುಲ್ಲು ಹಾಕಿದ ಮೇಲೆ ಅಷ್ಟನ್ನು ಮಾತ್ರ ಆದಾಯ-ವೆಚ್ಚ ಖಾತೆಗೆ ತರಬೇಕು. ದಿನವೇ ಬಂದಿಲ್ಲ, ದುಡ್ಡು ಹೇಗೆ ಬಂದೀತು?

ಶೇಠರು ಕನ್ನಡಕ ತೆಗೆದರು. “ಮೆಹ್ತಾಜಿ, ಅಧಿಕ ಮಾಸದಲ್ಲಿ ತಿಂದದ್ದು ಇದೇ ದನ, ಇದೇ ಹುಲ್ಲು. ಬ್ಯಾಂಕೂ ಒಂದೇ. ಈ ಒಂದು ಲಕ್ಷ ತೊಂಬತ್ತನ್ನ ಆ ತಿಂಗಳಿಗೆ ಬರ್ಕೊಳ್ಳಿ. ದನ ಬಂದು ಕೇಳುತ್ತಾ?”

“ದನ ಕೇಳಲ್ಲ ಶೇಠ್, ದಾನಿ ಕೇಳ್ತಾನೆ. ಆ ತಿಥಿಗಳು ನಿನ್ನೆಯಿಂದ ಶುರುವಾಗಿವೆ.”

“ಅವಕ್ಕೆ ಈ ವರ್ಷದ ಬಡ್ಡಿ ಇದೆಯಲ್ಲಪ್ಪ.”

“ಅವುಗಳಲ್ಲೇ ಹತ್ತು ಹನ್ನೊಂದು ತಿಥಿಗಳು ಬರೋ ಮಾರ್ಚಿನಲ್ಲಿ ಇನ್ನೊಂದ್ಸಲ ಬರ್ತಾವೆ. ಈ ವರ್ಷದ ಬಡ್ಡಿ ಅದಕ್ಕೆ.”

“ಅದು ಬರೋ ಮಾರ್ಚಿನ ಮಾತು.”

ಮೆಹ್ತಾಜಿ ಕರಡಿನ ಅಂಚನ್ನು ಬೆರಳಿಂದ ನೇರಮಾಡಿದರು. ಶೇಠರು ಮೃದುವಾಗಿಯೇ ಮುಂದುವರಿದರು. ಅವರು ದನಿ ಏರಿಸದ ದಿನ ನಮಗೆಲ್ಲ ಹೆದರಿಕೆ. “ಈ ಮೂವತ್ತು ಸಾವಿರ ಇಟ್ಕೊಂಡು ನಾನು ಯಾರಿಗೆ ಪಗಾರ ಕೊಡ್ಲಿ? ಆಳುಗಳನ್ನ ಬಿಡಿಸೋಕಾಗಲ್ಲ, ಸಗಣಿ ಯಾರು ಎತ್ತಬೇಕು? ಉಳಿದಿದ್ದು ನೀವು. ನಿಮ್ಮ ಪಗಾರ ನಿಮ್ಮ ಪೆನ್ನಲ್ಲೇ ಇದೆ, ನೋಡಿ.”

ಮೆಹ್ತಾಜಿ ನನ್ನ ಕಡೆ ನೋಡಿದರು. ಲೆಕ್ಕ ತಿಳಿದ ಟ್ರಸ್ಟಿ ಇನ್ನೊಬ್ಬ ನಾನೇ. ನನಗೆ ಅವರು ಹೇಳಿದ್ದು ಪೂರ್ತಿ ಅರ್ಥವಾಗಿತ್ತು. ಆದರೆ ನನ್ನ ಹಿಂಡಿಗೆ ಹತ್ತಿಬೀಜ ಬರುವುದು ಶೇಠರ ಜಿನ್ನಿನಿಂದ. ನಾನು ಚಹಾ ಇನ್ನೂ ಯಾಕೆ ಬಂದಿಲ್ಲ ಎಂದು ಕೇಳಿದೆ.

“ನಾನು ಬರೆಯಲ್ಲ ಶೇಠ್,” ಎಂದರು ಮೆಹ್ತಾಜಿ. “ಬೇರೆ ಯಾರ ಕೈಲಾದ್ರೂ ಬರೆಸಿ. ಆಡಿಟರು ಕೇಳಿದ್ರೆ ಮಾತ್ರ ನಾನು ಹೀಗಂದೆ ಅಂತ ಹೇಳ್ತೀನಿ.”

ಆಡಿಟರ ಹೆಸರು ಬಂದಮೇಲೆ ಶೇಠರು ಆ ಪುಟ ಮಗುಚಿದರು. ಕೊರತೆ ಕೊರತೆಯಾಗಿಯೇ ಉಳಿಯಿತು. ಮುಂದಿನ ತಿಂಗಳಿಂದ ಮೆಹ್ತಾಜಿ ಬೆಳಿಗ್ಗೆ ಮಾತ್ರ ಬಂದರೆ ಸಾಕು, ಪಗಾರ ಏಳು ಸಾವಿರ ಎಂದು ಠರಾವಾಯಿತು. ಎಲ್ಲರೂ ಕೈ ಎತ್ತಿದರು. ಎಲ್ಲರಲ್ಲಿ ನಾನೂ ಇದ್ದೆ. ಠರಾವನ್ನು ನಡಾವಳಿ ಪುಸ್ತಕದಲ್ಲಿ ಬರೆದವರು ಮೆಹ್ತಾಜಿಯೇ. ಅಕ್ಷರ ಎಂದಿನಂತೆ ಗುಂಡಗೆ.

ಮೂರು ದಿನ ಕಳೆದು ಫಾಲ್ಗುಣ ವದ ಏಕಾದಶಿ. ತರಕಾರಿ ಮಾರುವ ರೂಖಿಬೆನ್ ಗಂಡನ ತಿಥಿ. ಆಕೆ ಏಳು ವರ್ಷ ಕಂತು ಕಟ್ಟಿ ಆ ದಿನವನ್ನು ಕೊಂಡವಳು. ಬಂದಳು, ಹಲಗೆ ಓದಲು ಬಾರದಿದ್ದರೂ ಅಕ್ಷರ ಎಷ್ಟಿವೆ ಎಂದು ಬೆರಳಲ್ಲಿ ಎಣಿಸಿದಳು, ಒಂದು ಹೊರೆ ಹುಲ್ಲನ್ನು ತಾನೇ ಹೊತ್ತು ಹಾಕಿದಳು. ಹೋದಸಲ ಬಂದು ಹದಿಮೂರು ತಿಂಗಳಾಯ್ತಲ್ಲ, ನಡುವಿನ ತಿಂಗಳ ಬಡ್ಡಿಯನ್ನು ಯಾರಾದರೂ ತಿಂದಿರಾ ಎಂದು ನನ್ನನ್ನೇ ನೋಡಿ ನಕ್ಕಳು. ನಾನೂ ನಕ್ಕೆ. ಅವಳ ದುಡ್ಡು ಹೇಗೆ ಉಳಿಯಿತೆಂದು ಹೇಳುವಷ್ಟು ಬಾಯಿ ನನಗಿರಲಿಲ್ಲ.

ಮೇ ತಿಂಗಳಿಂದ ಮೆಹ್ತಾಜಿ ಮಧ್ಯಾಹ್ನ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲು ಬರೆಯತೊಡಗಿದರು. ಅರವತ್ತೊಂದರ ವಯಸ್ಸು, ಕೂರಲು ಸ್ಟೂಲು. ಅದನ್ನು ಮೂರು ಸಲ ನೋಡಿದ ಮೇಲೆ ನಾನು ಐವತ್ತೊಂದು ಸಾವಿರದ ಚೆಕ್ಕು ಬರೆದುಕೊಂಡು ಪಾಂಜ್ರಾಪೋಳಕ್ಕೆ ಹೋದೆ. ಅವರು ರಸೀದಿ ಪುಸ್ತಕ ತೆರೆದು, ಯಾವುದಕ್ಕೆಂದು ಬರೆಯಲಿ ಎಂದು ಕೇಳಿದರು.

“ನಿಮ್ಮ ಪಗಾರಕ್ಕೆ ಅಂತ ಬರೀರಿ.”

“ಹಾಗೆ ಬರೆದ್ರೆ ಅದಕ್ಕೊಂದು ನಿಧಿ ಮಾಡ್ಬೇಕು, ನೌತಮಭಾಯಿ. ಮತ್ತೊಂದಕ್ಕೆ ಮುಟ್ಟೋ ಹಾಗಿಲ್ಲ. ದನ ಬಾಯಾರಿ ನಿಂತಿದ್ರೂ ಆ ದುಡ್ಡು ನನ್ನ ಹೆಸರಲ್ಲಿ ಕೂತಿರುತ್ತೆ. ನನ್ನ ಪುಸ್ತಕದಲ್ಲಿ ನನಗೊಂದು ಪುಟ ಬೇಡ.” ರಸೀದಿಯ ಕೆಳಗೆ ಕಾರ್ಬನ್ ಸೇರಿಸುತ್ತಾ ಹೇಳಿದರು, “ಅವತ್ತು ಸಭೆಯಲ್ಲಿ ನೀವೊಂದು ಮಾತು ಆಡಿದ್ರೆ ಸಾಕಿತ್ತು. ಅದಕ್ಕೆ ರಸೀದಿನೂ ಬೇಕಿರಲಿಲ್ಲ.”

‘ಸಾಧಾರಣ’ ಎಂದು ಬರೆದು, ರಸೀದಿ ಹರಿದು ಕೊಟ್ಟರು. ಸಾಧಾರಣದಲ್ಲಿ ದುಡ್ಡಿದ್ದರೆ ಪಗಾರದ ಠರಾವನ್ನು ಬದಲಿಸಬಹುದು ಎಂದು ನಾನು ಲೆಕ್ಕ ಹಾಕಿದ್ದೆ.

ಜೂನ್ ಮೊದಲ ವಾರ ಬೋರ್‌ವೆಲ್ಲಿನ ಮೋಟಾರು ಸುಟ್ಟಿತು. ಹೊಸದಕ್ಕೆ ನಲವತ್ತೆಂಟು ಸಾವಿರ. ಆ ಬಿಸಿಲಲ್ಲಿ ನೂರಾ ಎಂಬತ್ತು ದನಕ್ಕೆ ನೀರು ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು? ಸಾಧಾರಣದಿಂದ ಕೊಡೋಣ ಎಂದು ನಾನೇ ಮೊದಲು ಕೈ ಎತ್ತಿದೆ.

ಮರುದಿನ ಬೆಳಿಗ್ಗೆ ಮೆಹ್ತಾಜಿ ವೋಚರು ಹಿಡಿದು ಅಂಗಡಿಗೆ ಬಂದರು. ಸಾಧಾರಣ ಖಾತೆ, ಮೋಟಾರು, ನಲವತ್ತೆಂಟು ಸಾವಿರ. ಸಹಿ ಎಲ್ಲಿ ಹಾಕಬೇಕೆಂದು ತೋರಿಸಿದರು. ಚಹಾ ತರಿಸಲೇ ಎಂದೆ. ಹನ್ನೆರಡಕ್ಕೆ ಬಟ್ಟೆ ಅಂಗಡಿಗೆ ಹೋಗಬೇಕು, ಅದಕ್ಕೆ ಮುಂಚೆ ಇದನ್ನು ಪುಸ್ತಕಕ್ಕೆ ಏರಿಸಬೇಕು ಎಂದು ಹೇಳಿ ಹೊರಟರು.