ಯಜಮಾನರ ಹೆಸರಿನ ಮುಂದೆ ‘ರದ್ದು’

ನಂದಗುಡಿ ಕಡೆಯ ನಮ್ಮ ರೈತ ಉತ್ಪಾದಕರ ಕಂಪನಿಯಲ್ಲಿ ನಾನು ಮುಖ್ಯ ಕಾರ್ಯನಿರ್ವಾಹಕಿ. ಹೆಸರಿಗೆ ದೊಡ್ಡ ಹುದ್ದೆ. ಮಾಡುವುದು ಮಾತ್ರ ಐವರು ನಿರ್ದೇಶಕರ ಮಾತನ್ನು ಕಾಗದಕ್ಕೆ ಇಳಿಸುವ ಕೆಲಸ, ಅದನ್ನೂ ಅವರು ಬಿಟ್ಟರೆ.

ಕಂಪನಿ ಕಟ್ಟಿದವರು ನಮ್ಮ ಹಳೆಯ ಅಧ್ಯಕ್ಷರು. ಊರಿಗೆಲ್ಲ ಅವರು ಯಜಮಾನರು. ಯುಗಾದಿಯ ದಿನ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಚೆಕ್ಕಿಗೆ ಅವರದೂ ನನ್ನದೂ ಜಂಟಿ ಸಹಿ ಬೇಕು. ಎಡಗೈಯಲ್ಲಿ ಹಾಕಿದ ಸಹಿ ಹಳೆಯದಕ್ಕೆ ಹೊಂದದೆ ಹೋದಾಗ ಬ್ಯಾಂಕಿನವರು, ಖುದ್ದಾಗಿ ಬಂದು ನಮ್ಮೆದುರೇ ಹೆಬ್ಬೆಟ್ಟು ಒತ್ತಲಿ ಎಂದರು. ತರಕಾರಿ ಕೊಟ್ಟ ರೈತರಿಗೆ ಪಾವತಿ ಮಾಡಬೇಕಾದಾಗಲೆಲ್ಲ ಅವರನ್ನು ಆಟೋದಲ್ಲಿ ಕರೆತಂದು, ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ಬ್ಯಾಂಕಿನ ಮೆಟ್ಟಿಲು ಹತ್ತಿಸಬೇಕು. ಸಾಲಿನಲ್ಲಿ ನಿಂತವರೆಲ್ಲ ನೋಡುವರು. ಅವರು ಕಣ್ಣು ಮುಚ್ಚಿಕೊಂಡುಬಿಡುತ್ತಿದ್ದರು.

ಕೊನೆಗೆ ಅವರು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಬರೀ ನಿರ್ದೇಶಕರಾಗಿ ಉಳಿದರು. ಮಂಡಳಿ ಸಭೆ ಸೇರಿ ಹೊಸ ಅಧ್ಯಕ್ಷರನ್ನು ಆರಿಸಿತು. ಬ್ಯಾಂಕಿಗೆ ಕೊಡಬೇಕಾದ ನಿರ್ಣಯವನ್ನು ನಾನು ಮೊದಲೇ ಬರೆದಿಟ್ಟಿದ್ದೆ: ಹಿಂದಿನ ಅಧ್ಯಕ್ಷರ ಸಹಿ ಅಧಿಕಾರ ರದ್ದು, ಹೊಸ ಅಧ್ಯಕ್ಷರಿಗೂ ನನಗೂ ಜಂಟಿ ಅಧಿಕಾರ, ಇಂಥ ದಿನಾಂಕದಿಂದ ಜಾರಿ.

ಓದುತ್ತಿದ್ದಂತೆ ಹೊಸ ಅಧ್ಯಕ್ಷರು ಕೈ ಅಡ್ಡ ಹಿಡಿದರು.

“ಏನ್ ಮೇಡಂ ಇದು! ಯಜಮಾನ್ರ ಹೆಸ್ರ ಪಕ್ದಾಗೆ ರದ್ದು ಅಂತ ಬರೀತಾರಾ? ಬದುಕಿರೋರಿಗೆ!”

“ರದ್ದಾಗೋದು ಸಹಿ ಅಧಿಕಾರ ಸಾರ್, ಅವರಲ್ಲ.”

“ಬ್ಯಾಡ ಬ್ಯಾಡ. ಹಿರಿಯರ ಮಾರ್ಗದರ್ಶನದಲ್ಲಿ ಹೊಸ ಅಧ್ಯಕ್ಷರು ವ್ಯವಹಾರ ನೋಡ್ಕೊಳ್ಳೋದು ಅಂತ ಬರೀರಿ. ಕೇಳಕ್ಕೂ ಚೆಂದಾಗೈತೆ.”

ಇನ್ನೊಬ್ಬ ನಿರ್ದೇಶಕರು ದಿನಾಂಕಕ್ಕೆ ಕೈ ಹಾಕಿದರು. “ಈಗ ಆಷಾಢ. ಆಷಾಢ ಕಳೆದ ಮೇಲೆ ಬರುವ ಶುಭದಿನದಿಂದ ಅಂತ ಹಾಕಿ.”

ನಾನು ಗಂಟಲು ಹರಿಯುವಷ್ಟು ಹೇಳಿದೆ. ಬ್ಯಾಂಕಿಗೆ ಬೇಕಾಗಿರುವುದು ಮೂರೇ: ಏನು ತೀರ್ಮಾನವಾಯಿತು, ಅಧಿಕಾರ ಯಾರಿಗೆ, ಯಾವತ್ತಿನಿಂದ. ಯಾರು ಕೇಳುತ್ತಾರೆ? ಬಂದಿದ್ದ ನಾಲ್ವರೂ ಕೈ ಎತ್ತಿದರು. ಮನೆಯಲ್ಲಿ ಮಲಗಿದ್ದ ಯಜಮಾನರನ್ನು ಒಂದು ಮಾತೂ ಕೇಳಲಿಲ್ಲ.

ಬ್ಯಾಂಕಿನ ಅಧಿಕಾರಿ ಆ ನಿರ್ಣಯವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ಹಳೇ ಅಧ್ಯಕ್ಷರ ಅಧಿಕಾರ ಹೋಯ್ತು ಅಂತ ಎಲ್ಲಿದೆ? ಮಾರ್ಗದರ್ಶನ ಅಂದ್ರೆ ಅವರೂ ಸಹಿ ಮಾಡ್ಬೇಕಾ? ವ್ಯವಹಾರ ನೋಡ್ಕೊಳ್ಳೋದು ಅಂದ್ರೆ ಖಾತೆ ನಡೆಸೋದಾ? ಇನ್ನು ಈ ಶುಭದಿನ... ನಾನು ಪಂಚಾಂಗ ನೋಡಿ ಚೆಕ್ ಪಾಸ್ ಮಾಡ್ಲಾ? ಸರಿಯಾದ ನಿರ್ಣಯ ತನ್ನಿ. ಅಲ್ಲೀವರೆಗೂ ಹಳೇದೇ ನಡೆಯುತ್ತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲಲ್ಲ, ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಹಳೆಯದೇ ನಡೆಯುತ್ತದೆ ಎಂದರೆ ಮತ್ತೆ ಆಟೋ, ಮತ್ತೆ ಕುರ್ಚಿ. ಆ ವಾರವೂ ಎತ್ತಿ ತಂದೆವು. ಮೆಟ್ಟಿಲ ಮೇಲೆ ಒಬ್ಬರ ಕಾಲು ಜಾರಿ ಕುರ್ಚಿ ವಾಲಿತು. ಯಜಮಾನರು ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡರು. ಮರ್ಯಾದೆಯಂತೆ ಮರ್ಯಾದೆ! ಕಾಗದದಲ್ಲಿ ಉಳಿಸಿ ಬೀದಿಯಲ್ಲಿ ಕಳೆದರು.

ಮತ್ತೆ ನೋಟಿಸ್ ಕಳಿಸಿ ಸಭೆ ಕರೆದೆ. ಈ ಸಲ ಹಟ ಹಿಡಿದು ಯಜಮಾನರ ಮನೆಯ ಜಗಲಿಯಲ್ಲೇ ಇಟ್ಟುಕೊಂಡೆ. ಬ್ಯಾಂಕಿನವರು ಯಾಕೆ ವಾಪಸ್ ಕಳಿಸಿದರು ಎಂಬುದನ್ನು ಅವರೆದುರೇ ಹೇಳಿ, ನನ್ನ ಮೊದಲಿನ ಕರಡನ್ನು ಓದಿದೆ. ‘ರದ್ದು’ ಬಂದಾಗ ಉಳಿದವರು ತಲೆ ತಗ್ಗಿಸಿದರು.

ಯಜಮಾನರ ಮಾತು ತೊದಲುತ್ತಿತ್ತು, ಬುದ್ಧಿ ಮಾತ್ರ ನಿಚ್ಚಳವಾಗಿತ್ತು. “ನಾ ಒತ್ತಿ ಕೊಟ್ಟಿರೋ ಚೆಕ್ಕುಗಳ್ನ ರೈತ್ರು ಇನ್ನೂ ಬ್ಯಾಂಕಿಗೆ ಹಾಕ್ದೆ ಇದ್ರೆ? ಅವು ನಡೀತವಾ?”

ನಿಜ, ಅದು ನನಗೂ ಹೊಳೆದಿರಲಿಲ್ಲ. ಜಾರಿ ದಿನಾಂಕಕ್ಕೆ ಮೊದಲು ಕೊಟ್ಟ ಚೆಕ್ಕುಗಳನ್ನು ಬ್ಯಾಂಕು ಮಾನ್ಯ ಮಾಡತಕ್ಕದ್ದು ಎಂದು ಸೇರಿಸಿದೆ.

“ಯಾವತ್ತಿಂದ?” ಎಂದರು.

“ಇವತ್ತಿಂದ್ಲೇ ಅಂತ ಬರೆದಿದ್ದೀನಿ.”

ಹೊಸ ಅಧ್ಯಕ್ಷರು ಮೆಲ್ಲಗೆ, “ಆಷಾಢ ಅಲ್ವಾ ಯಜಮಾನ್ರೇ...” ಎಂದರು.

“ನಂಗೆ ಲಕ್ವ ಹೊಡ್ದಿದ್ದು ಯುಗಾದಿ ದಿನ ಕಣ್ರಪ್ಪಾ. ಅದಕ್ಕಿಂತ ಒಳ್ಳೆ ದಿನ ಬೇಕಾ?”

ದಿನ, ತಿಂಗಳು, ವರ್ಷ ಹಾಕಿದೆ. ಅವರೇ ಎಡಗೈ ಎತ್ತಿ ಮೊದಲು ಒಪ್ಪಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ಇನ್ನೊಂದು ಸಲ ನಿಧಾನವಾಗಿ ಓದಿಸಿಕೊಂಡರು. ತಮ್ಮ ಹೆಸರು ಬಂದಾಗ ಕಣ್ಣು ಮುಚ್ಚಲಿಲ್ಲ.

“ಎಲ್ಲಾ ಸರಿಯಾಗೈತೇನವ್ವಾ?”

“ಸರಿಯಾಗಿದೆ ಯಜಮಾನ್ರೇ.”

“ಹಂಗಾರೆ ಇನ್ಮೇಲೆ ನನ್ನ ಕುರ್ಚಿ ಸಮೇತ ಎತ್ತಲ್ಲ ತಾನೇ?”